ಆಷಾಢದಲ್ಲಿ ಬೋಟಿಗೆ ಐಸ್ ಕೊಟ್ಟವರು ಯಾರು? ಎಕ್ಸೆಲ್‌ನಲ್ಲಿ ತಿರುಗಿ ಕೂತ ತಾರೀಕುಗಳನ್ನು ಹಿಡಿಯುವ ಬಗೆ

*ಉಡುಪಿಯಲ್ಲಿ ಅಂಗಡಿ, ಬೋಟು, ಸಂಘಗಳ ಲೆಕ್ಕ ಬರೆಯುವವರ ಮುಂದೆ ಆಡಿದ ಮಾತಿನ ಬರಹ ರೂಪ*

ಪರದೆ ಮೇಲೆ ಒಂದು ತಾರೀಕು ಹಾಕಿದ್ದೇನೆ, ನೋಡಿ. 5/12/2023. ಇದು ಯಾವ ದಿನ? ಡಿಸೆಂಬರ್ ಐದು ಅಂತ ಎಲ್ಲರೂ ಒಂದೇ ಬಾಯಲ್ಲಿ ಹೇಳಿದಿರಿ. ಈಗ ಈ ಸೆಲ್‌ನ ಫಾರ್ಮ್ಯಾಟನ್ನು `General` ಮಾಡುತ್ತೇನೆ. 45058 ಅಂತ ಬಂತು. ಡಿಸೆಂಬರ್ ಐದು ಆಗಿದ್ದರೆ 45265 ಬರಬೇಕಿತ್ತು. 45058 ಅಂದರೆ 2023ರ ಮೇ 12. ನೀವು ಓದಿದ್ದು ಒಂದು, ಎಕ್ಸೆಲ್ ಇಟ್ಟುಕೊಂಡದ್ದು ಇನ್ನೊಂದು. ಇವತ್ತಿನ ಮಾತೆಲ್ಲ ಈ ಒಂದು ಸೆಲ್‌ನ ಸುತ್ತವೇ.

ಎಕ್ಸೆಲ್‌ಗೆ ತಾರೀಕು ಅಂತ ಬೇರೆ ಜಾತಿಯ ವಸ್ತು ಇಲ್ಲ. ಅದಕ್ಕೆ ತಾರೀಕು ಒಂದು ಸಂಖ್ಯೆ, ಅಷ್ಟೆ. 1900ರ ಜನವರಿ 1 ಒಂದನೆಯ ದಿನ. ಅಲ್ಲಿಂದ ಎಣಿಸುತ್ತಾ ಬಂದರೆ 2024ರ ಜನವರಿ 1ಕ್ಕೆ 45292 ಆಗುತ್ತದೆ. ನಮಗೆ ಕಾಣುವ ಗೀಟು, ಚುಕ್ಕೆ, ತಿಂಗಳ ಹೆಸರು ಎಲ್ಲ ಮೇಲಿನ ಅಲಂಕಾರ. ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಈ ಎಣಿಕೆಯಲ್ಲಿ 60ನೆಯ ದಿನ ಅಂದರೆ 1900ರ ಫೆಬ್ರವರಿ 29. ಅಂಥ ದಿನವೇ ಇರಲಿಲ್ಲ, 1900 ಅಧಿಕ ವರ್ಷ ಅಲ್ಲ. ಹಿಂದೆ ಲೋಟಸ್ 1-2-3 ಅಂತ ಒಂದು ಸಾಫ್ಟ್‌ವೇರ್ ಇತ್ತಲ್ವಾ, ಅದರಲ್ಲಿ ಈ ತಪ್ಪಿತ್ತು. ಅದರ ಫೈಲುಗಳಿಗೆ ಹೊಂದಿಕೆ ಆಗಲಿ ಅಂತ ಎಕ್ಸೆಲ್‌ನವರೂ ತಪ್ಪನ್ನು ಹಾಗೇ ಉಳಿಸಿಕೊಂಡರು. ನಮ್ಮ ಲೆಕ್ಕಕ್ಕೆ ಇದರಿಂದ ತೊಂದರೆ ಏನಿಲ್ಲ, ಬಿಡಿ.

ತೊಂದರೆ ಬರುವುದು ಅಕ್ಷರ ಸಂಖ್ಯೆಯಾಗುವ ಹೊತ್ತಿನಲ್ಲಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ನೀವು ಸಿಎಸ್‌ವಿ ಫೈಲ್ ತೆಗೆಯುತ್ತೀರಿ. ಅದರಲ್ಲಿರುವುದು ಬರೀ ಅಕ್ಷರ. `05/12/2023` ಅಂತ ಬರೆದಿರುತ್ತದೆ, ಇದರಲ್ಲಿ ಯಾವುದು ದಿನ, ಯಾವುದು ತಿಂಗಳು ಅಂತ ಫೈಲ್ ಹೇಳುವುದಿಲ್ಲ. ನೀವು ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಕೇಳುವುದು ಫೈಲನ್ನಲ್ಲ, ವಿಂಡೋಸನ್ನು. ವಿಂಡೋಸ್‌ನ ರೀಜನ್ `English (India)` ಆಗಿದ್ದರೆ ದಿನ ಮೊದಲು. `English (United States)` ಆಗಿದ್ದರೆ ತಿಂಗಳು ಮೊದಲು. ಲ್ಯಾಪ್‌ಟಾಪ್ ತಂದವರು ಸೆಟಪ್ ಮಾಡುವಾಗ ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಒತ್ತಿರುತ್ತಾರೆ. ಅಮೆರಿಕದ ರೀಜನ್ ಹಾಗೇ ಉಳಿದಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ.

ಈಗ ಒಂದು ಹಾಳೆ ತೆಗೆದುಕೊಳ್ಳೋಣ. ಮಲ್ಪೆಯ ಒಂದು ಐಸ್ ಪ್ಲಾಂಟಿನ ಲೆಕ್ಕ ಅಂತ ಇಟ್ಟುಕೊಳ್ಳಿ. ಪರದೆಗಾಗಿ ನಾನೇ ಮಾಡಿದ ಹಾಳೆ ಇದು, ಲೆಕ್ಕ ಸುಲಭ ಆಗಲಿ ಅಂತ ದಿನಕ್ಕೊಂದೇ ಸಾಲು ಇಟ್ಟಿದ್ದೇನೆ. A ಕಾಲಮ್ಮಿನಲ್ಲಿ ಕ್ರಮಸಂಖ್ಯೆ, B ಕಾಲಮ್ಮಿನಲ್ಲಿ ತಾರೀಕು, C ಕಾಲಮ್ಮಿನಲ್ಲಿ ಬೋಟುಗಳಿಗೆ ಕೊಟ್ಟ ಐಸ್ ಬ್ಲಾಕ್. 2023ರ ಆಗಸ್ಟ್ 1ರಿಂದ 2024ರ ಮೇ 31ರವರೆಗೆ, ಅಂದರೆ ಒಂದು ಪೂರ್ತಿ ಮೀನುಗಾರಿಕೆ ಋತು. ಒಟ್ಟು 305 ದಿನ, 305 ಸಾಲು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುತ್ತದೆ ಅಂತ ಇಲ್ಲಿ ಕೂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಆ 61 ದಿನ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈ ಸಿಎಸ್‌ವಿಯನ್ನು ಅಮೆರಿಕದ ರೀಜನ್ ಇರುವ ಕಂಪ್ಯೂಟರಿನಲ್ಲಿ ತೆರೆದಾಗ ಏನಾಯಿತು ನೋಡಿ. `13/12/2023` ಸಿಕ್ಕಿದಾಗ ಎಕ್ಸೆಲ್ 13ನೆಯ ತಿಂಗಳು ಹುಡುಕಿತು, ಸಿಗಲಿಲ್ಲ. ತಾರೀಕು ಅಲ್ಲ ಅಂತ ತೀರ್ಮಾನಿಸಿ ಅಕ್ಷರವಾಗಿಯೇ ಬಿಟ್ಟಿತು. `05/12/2023` ಸಿಕ್ಕಿದಾಗ ಐದನೆಯ ತಿಂಗಳು, ಹನ್ನೆರಡನೆಯ ದಿನ, ಸರಿಯಾಗಿದೆ ಅಂತ ಮೇ 12 ಮಾಡಿ ಇಟ್ಟುಕೊಂಡಿತು. ಎರಡು ಸಲವೂ ಒಂದು ಎಚ್ಚರಿಕೆ ಇಲ್ಲ, ಕೆಂಪು ಬಣ್ಣ ಇಲ್ಲ.

ಹಾಗಾಗಿ ಕಾಲಮ್ಮು ಎರಡು ಭಾಗವಾಯಿತು. ಪ್ರತಿ ತಿಂಗಳ 13ರಿಂದ ಕೊನೆಯವರೆಗಿನ ದಿನಗಳು ಅಕ್ಷರ, ಅಂಥವು 185. ಒಂದರಿಂದ ಹನ್ನೆರಡರವರೆಗಿನವು ಸಂಖ್ಯೆ, ಅಂಥವು 120. ಈ 120ರಲ್ಲಿ 8/8, 9/9 ಥರ ದಿನವೂ ತಿಂಗಳೂ ಒಂದೇ ಆಗಿರುವ ಹತ್ತು ಮಾತ್ರ ಅದೃಷ್ಟದಿಂದ ಸರಿ ಉಳಿದವು. ಮಿಕ್ಕ 110 ತಿರುಗಿವೆ.

ಜನ ಗಾಬರಿಯಾಗುವುದು 185 ಅಕ್ಷರದ ಸಾಲುಗಳನ್ನು ಕಂಡು. ಫಿಲ್ಟರ್ ಕೆಲಸ ಮಾಡುತ್ತಿಲ್ಲ, ಪಿವೋಟ್‌ನಲ್ಲಿ ತಿಂಗಳಾಗಿ ಗುಂಪಾಗುತ್ತಿಲ್ಲ ಅಂತ ಅವುಗಳ ಹಿಂದೆ ಬೀಳುತ್ತಾರೆ. ನಿಜ ಹೇಳಬೇಕೆಂದರೆ ಆ 185 ಸಾಲು ಏನೂ ಕೆಟ್ಟಿಲ್ಲ. ಸಿಎಸ್‌ವಿಯಲ್ಲಿ ಹೇಗಿತ್ತೋ ಹಾಗೇ ಇವೆ. ಕೆಟ್ಟದ್ದು ಚಂದ ಕಾಣುತ್ತಿರುವ ಆ 110. ಒಂದು ಕಾಲಮ್ಮು ಪೂರ್ತಿ ಅಕ್ಷರವಾಗಿ ಬಂದರೆ ನಾನಂತೂ ಖುಷಿಪಡುತ್ತೇನೆ, ಯಾಕೆಂದರೆ ಅದನ್ನು ಯಾರೂ ಇನ್ನೂ ಮುಟ್ಟಿಲ್ಲ.

ಈ 110 ಕಣ್ಣಿಗೆ ಯಾಕೆ ಬೀಳುವುದಿಲ್ಲ? ಅಮೆರಿಕದ ರೀಜನ್ ತಾರೀಕನ್ನು ಓದುವುದೂ ತಿಂಗಳು ಮೊದಲು ಅಂತ, ತೋರಿಸುವುದೂ ತಿಂಗಳು ಮೊದಲು ಅಂತ. ಮೇ 12 ಅಂತ ತಪ್ಪಾಗಿ ಓದಿದ್ದನ್ನು 5/12/2023 ಅಂತಲೇ ತೋರಿಸುತ್ತದೆ. ನಮ್ಮ ಕಣ್ಣು ಅದನ್ನು ಡಿಸೆಂಬರ್ ಐದು ಅಂತ ಓದುತ್ತದೆ. ಎರಡು ತಪ್ಪು ಸೇರಿ ಪರದೆ ಮೇಲೆ ಸರಿ ಕಾಣುತ್ತದೆ. ಒಂದೇ ಒಂದು ಸಣ್ಣ ಸುಳಿವು ಉಳಿಯುತ್ತದೆ. ಸಿಎಸ್‌ವಿಯಲ್ಲಿ `05/12/2023` ಇತ್ತು, ಇಲ್ಲಿ ಮೊದಲ ಸೊನ್ನೆ ಹೋಗಿ 5/12/2023 ಆಗಿದೆ. ಸೊನ್ನೆ ಹೋಗಿದೆ ಅಂದರೆ ಎಕ್ಸೆಲ್ ಅದನ್ನು ಓದಿ, ತನ್ನದೇ ರೀತಿಯಲ್ಲಿ ಮತ್ತೆ ಬರೆದಿದೆ ಅಂತ ಅರ್ಥ.

ಇದೇ ಫೈಲನ್ನು ನೀವು ಆಡಿಟರ್‌ಗೆ ಮೇಲ್ ಮಾಡುತ್ತೀರಿ. ಅವರ ಕಂಪ್ಯೂಟರ್ ಇಂಡಿಯಾ ರೀಜನ್‌ನಲ್ಲಿದೆ. ಅಲ್ಲಿ ಅದೇ ಸೆಲ್ 12-05-2023 ಅಂತ ಕಾಣುತ್ತದೆ. ಅವರು ಫೋನ್ ಮಾಡಿ, "ಮಾರಾಯ್ರೆ, ಡಿಸೆಂಬರ್ ಮೊದಲ ವಾರದ ಲೆಕ್ಕ ಎಲ್ಲಿ ಉಂಟು?" ಅಂತ ಕೇಳುತ್ತಾರೆ. ನೀವು ನಿಮ್ಮ ಪರದೆ ನೋಡಿ, ಇಲ್ಲೇ ಉಂಟಲ್ಲ ಅನ್ನುತ್ತೀರಿ. ಇಬ್ಬರೂ ನೋಡುತ್ತಿರುವುದು ಒಂದೇ ಸಂಖ್ಯೆಯನ್ನು. ಅರ್ಧ ಗಂಟೆ ಫೋನಿನಲ್ಲಿ ಜಗಳ ಆಡಿದರೂ ಇದು ಬಗೆಹರಿಯುವುದಿಲ್ಲ. ಇಬ್ಬರೂ ಆ ಸೆಲ್ಲನ್ನು `General` ಮಾಡಿ ಸಂಖ್ಯೆ ಓದಿ ಹೇಳಿದರೆ ಒಂದು ನಿಮಿಷ ಸಾಕು.

ಈಗ ತಿಂಗಳ ಮೊತ್ತ ಹಾಕೋಣ. ಡಿಸೆಂಬರ್‌ನಲ್ಲಿ ಎಷ್ಟು ಬ್ಲಾಕ್ ಹೋಯಿತು?

```
=SUMIFS(C:C,B:B,">="&DATE(2023,12,1),B:B,"<="&DATE(2023,12,31))
```

ಉತ್ತರ ಬರುತ್ತದೆ, ಎರರ್ ಅಲ್ಲ. ಆದರೆ ಅದರೊಳಗೆ ಯಾವ ದಿನಗಳು ಸೇರಿವೆ ಗೊತ್ತಾ? ಆಗಸ್ಟ್ 12, ಸೆಪ್ಟೆಂಬರ್ 12, ಅಕ್ಟೋಬರ್ 12, ನವೆಂಬರ್ 12, ಡಿಸೆಂಬರ್ 12. ಈ ಐದೇ ದಿನ. ಅಕ್ಷರದ ಸಾಲುಗಳನ್ನು SUMIFS ಸದ್ದಿಲ್ಲದೆ ಬಿಟ್ಟುಬಿಟ್ಟಿತು. ತಿರುಗಿದ ಸಾಲುಗಳಲ್ಲಿ ಯಾವುದರ ದಿನ 12 ಇತ್ತೋ ಅದೆಲ್ಲ ಡಿಸೆಂಬರ್‌ಗೆ ಬಂದು ಕೂತಿತು. ಬೇರೆ ತಿಂಗಳುಗಳೂ ಹಾಗೆಯೇ. 2023ರ ಜನವರಿಯಿಂದ 2024ರ ಡಿಸೆಂಬರ್‌ವರೆಗೆ, 24 ತಿಂಗಳಿಗೂ ಐದೈದು ದಿನದ ಮೊತ್ತ. ಋತು ಇದ್ದದ್ದು ಹತ್ತೇ ತಿಂಗಳು. ಎರಡೂ ವರ್ಷದ ಜೂನ್, ಜುಲೈಯಲ್ಲೂ ಐಸ್ ಹೋಗಿದೆ! ಆಷಾಢದಲ್ಲಿ, ಬೋಟುಗಳೆಲ್ಲ ದಡದಲ್ಲಿ ಕಟ್ಟಿಹಾಕಿರುವಾಗ, ಐಸ್ ಕೊಂಡುಹೋದವರು ಯಾರು?

ಲೆಕ್ಕ ತಪ್ಪಿದೆ ಅಂತ ಹಿಡಿಯಲು ನಿಮಗಿರುವ ಅತಿ ಒಳ್ಳೆಯ ಸಾಧನ ಇದೇ. ನಿಮ್ಮ ವ್ಯವಹಾರದಲ್ಲಿ ಖಂಡಿತ ಏನೂ ನಡೆಯದ ದಿನಗಳು ಯಾವುವು ಅಂತ ನಿಮಗೆ ಗೊತ್ತಿರುತ್ತದೆ. ಬೋಟಿನವರಿಗೆ ನಿಷೇಧದ 61 ದಿನ. ಶಾಲೆಯವರಿಗೆ ಬೇಸಿಗೆ ರಜೆ. ಆ ದಿನಗಳಿಗೆ ಫಿಲ್ಟರ್ ಹಾಕಿ ನೋಡಿ, ಸಾಲು ಬಂದರೆ ತಾರೀಕು ತಿರುಗಿರುವ ಸಾಧ್ಯತೆಯೇ ಜಾಸ್ತಿ. ಒಂದು ಎಚ್ಚರಿಕೆ ಮಾತ್ರ ಇರಲಿ. ನಾಡದೋಣಿಯವರು ಮಳೆಗಾಲದಲ್ಲೂ ಹೋಗುತ್ತಾರೆ. ನಿಮ್ಮ ಹಾಳೆಯಲ್ಲಿ ನಾಡದೋಣಿಯ ಲೆಕ್ಕವೂ ಕಲೆತಿದ್ದರೆ ಜೂನ್ ಅಂತ ಕಂಡ ತಕ್ಷಣ ತಪ್ಪು ಅನ್ನಬೇಡಿ.

ಆದರೆ ಅನುಮಾನ ಸಾಲದು, ಖಚಿತ ಆಗಬೇಕು. ಅದಕ್ಕೆ ಮೂರು ಲೆಕ್ಕ ಹಾಕುತ್ತೇನೆ. ಮೊದಲನೆಯದು ಎಷ್ಟು ಸಾಲು ತುಂಬಿದೆ, ಅದರಲ್ಲಿ ಎಷ್ಟು ನಿಜಕ್ಕೂ ಸಂಖ್ಯೆ ಅನ್ನುವುದು.

```
=COUNTA(B2:B306)
=COUNT(B2:B306)
```

ಇಲ್ಲಿ 305 ಮತ್ತು 120 ಬರುತ್ತದೆ. ವ್ಯತ್ಯಾಸ 185, ಅವು ಅಕ್ಷರ. ಅಕ್ಷರ ಎಡಕ್ಕೆ ಅಂಟಿಕೊಂಡಿರುತ್ತದೆ, ಸಂಖ್ಯೆ ಬಲಕ್ಕೆ ಅಂತ ಕೆಲವರು ಕಣ್ಣಲ್ಲೇ ನೋಡಿ ಹೇಳುತ್ತಾರೆ. ಅದೂ ಸರಿ, ಆದರೆ ಯಾರೋ ಕಾಲಮ್ಮನ್ನು ಮಧ್ಯಕ್ಕೆ ಅಲೈನ್ ಮಾಡಿದರೆ ಮುಗಿಯಿತು. ಎಣಿಕೆಯನ್ನೇ ನಂಬಿ.

ಅಕ್ಷರ ಇದೆ ಅಂದ ಮಾತ್ರಕ್ಕೆ ದಿನ, ತಿಂಗಳು ತಿರುಗಿದೆ ಅಂತಲ್ಲ. ತಾರೀಕಿನ ಹಿಂದೆಮುಂದೆ ಕಣ್ಣಿಗೆ ಕಾಣದ ಅಕ್ಷರ ಸೇರಿಕೊಂಡಿದ್ದರೂ ಹೀಗೆ ಆಗಬಹುದು, 05.12.2023 ಅಂತ ಚುಕ್ಕೆ ಇಟ್ಟು ಬರೆದಿದ್ದರೂ ಆಗಬಹುದು. ಯಾವ ಕಾಯಿಲೆ ಅಂತ ತಿಳಿಯಲು ಪಕ್ಕದಲ್ಲಿ ಎರಡು ಕಾಲಮ್ಮು ಬೇಕು. D ಕಾಲಮ್ಮಿನಲ್ಲಿ ಸಂಖ್ಯೆಯಾಗಿರುವ ತಾರೀಕಿನ ದಿನ, E ಕಾಲಮ್ಮಿನಲ್ಲಿ ಅಕ್ಷರವಾಗಿರುವುದರ ಮೊದಲ ಎರಡು ಅಂಕಿ.

```
D2:  =IF(ISNUMBER(B2),DAY(B2),"")
E2:  =IF(ISTEXT(B2),VALUE(LEFT(B2,2)),"")
```

ಕೆಳಗಿನವರೆಗೆ ಎಳೆದು `=MAX(D2:D306)` ಮತ್ತು `=MIN(E2:E306)` ನೋಡಿ. ನಮ್ಮ ಹಾಳೆಯಲ್ಲಿ ಮೊದಲನೆಯದು 12, ಎರಡನೆಯದು 13. ಇದೇ ರೋಗದ ಗುರುತು. ಸಂಖ್ಯೆಯಾದ ತಾರೀಕುಗಳಲ್ಲಿ ಹನ್ನೆರಡಕ್ಕಿಂತ ದೊಡ್ಡ ದಿನ ಒಂದೂ ಇಲ್ಲ. ಅಕ್ಷರವಾಗಿ ಉಳಿದವುಗಳಲ್ಲಿ ಹದಿಮೂರಕ್ಕಿಂತ ಚಿಕ್ಕದು ಒಂದೂ ಇಲ್ಲ. ಸಾಮಾನ್ಯ ಕಾಲಮ್ಮಿನಲ್ಲಿ ನೂರರಲ್ಲಿ ಅರವತ್ತು ತಾರೀಕುಗಳು ಹನ್ನೆರಡು ದಾಟಿದವೇ ಆಗಿರುತ್ತವೆ. 120ರಲ್ಲಿ ಒಂದೂ ದಾಟಿಲ್ಲ ಅಂದರೆ ಅದು ಕಾಕತಾಳೀಯ ಅಲ್ಲ. ಅದೇ E ಕಾಲಮ್ಮಿನಲ್ಲಿ 3, 7 ಅಂತೆಲ್ಲ ಬಂದರೆ ಅಲ್ಲಿ ತೊಂದರೆ ಬೇರೆ ಏನೋ ಇದೆ ಅಂತ ತಿಳಿಯಿರಿ.

ಈಗ ಕಷ್ಟದ ಜಾಗಕ್ಕೆ ಬರುತ್ತೇನೆ. ನೀವು ನೋಡುವ ಮೊದಲೇ ಯಾರೋ ಈ ಹಾಳೆಯನ್ನು ಸರಿಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ಅಕ್ಷರವಾಗಿದ್ದ 185 ಸಾಲುಗಳನ್ನು ಹುಡುಕಿ ತಾರೀಕು ಮಾಡಿದ್ದಾರೆ. 110ನ್ನು ಮುಟ್ಟಿಲ್ಲ, ಅವು ಆಗಲೇ ತಾರೀಕಾಗಿದ್ದವಲ್ಲ. ಈಗ COUNTA 305, COUNT 305. ದೊಡ್ಡ ದಿನ 31. ನನ್ನ ಪರೀಕ್ಷೆ ಎಲ್ಲ ಪಾಸು. ಕಾಲಮ್ಮು ಮಾತ್ರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸುಳ್ಳು.

ಇಲ್ಲಿ ಋತುವಿನ ಪರೀಕ್ಷೆ ಸ್ವಲ್ಪ ದೂರ ಕೈ ಹಿಡಿಯುತ್ತದೆ. 2023ರ ಜನವರಿಯಿಂದ ಜುಲೈಗೆ ಹೋಗಿ ಬಿದ್ದವು 35, 2024ರ ಜೂನ್‌ನಿಂದ ಡಿಸೆಂಬರ್‌ಗೆ ಬಿದ್ದವು 35. ಈ 70 ಋತುವಿನ ಹೊರಗಿವೆ, ಫಿಲ್ಟರ್ ಹಾಕಿದರೆ ಸಿಗುತ್ತವೆ. ಉಳಿದ 40 ಋತುವಿನ ಒಳಗೇ ಸೇರಿಕೊಂಡಿವೆ. ಸೆಪ್ಟೆಂಬರ್ 8 ತಿರುಗಿ ಆಗಸ್ಟ್ 9 ಆಗಿದೆ. ಆಗಸ್ಟ್ 9 ತಿರುಗಿ ಸೆಪ್ಟೆಂಬರ್ 8 ಆಗಿದೆ. ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂತ ಹಾಗೆ. ಎಣಿಸಿದರೆ ಯಾವ ದಿನವೂ ಕಾಣೆಯಾಗಿಲ್ಲ, ಯಾವ ದಿನವೂ ಎರಡು ಸಲ ಬಂದಿಲ್ಲ. ತಾರೀಕುಗಳನ್ನಷ್ಟೇ ನೋಡಿ ಈ ನಲವತ್ತನ್ನು ಹಿಡಿಯಲು ಯಾರಿಂದಲೂ ಆಗುವುದಿಲ್ಲ.

ಹಿಡಿಯುವುದು A ಕಾಲಮ್ಮಿನ ಕ್ರಮಸಂಖ್ಯೆ. ಮೂರನೆಯ ಲೆಕ್ಕ ಇದು. ಹಾಳೆಯನ್ನು ಕ್ರಮಸಂಖ್ಯೆಯ ಪ್ರಕಾರ ಸಾರ್ಟ್ ಮಾಡಿ, ಪ್ರತಿ ತಾರೀಕಿನಿಂದ ಹಿಂದಿನ ಸಾಲಿನ ತಾರೀಕನ್ನು ಕಳೆಯಿರಿ.

```
F3:  =B3-B2
```

ದಿನಕ್ಕೊಂದು ಸಾಲು ಇರುವಲ್ಲಿ ಎಲ್ಲ ಕಡೆ 1 ಬರಬೇಕು. ನವೆಂಬರ್ ಮುಗಿದು ಡಿಸೆಂಬರ್ ಶುರುವಾಗುವಲ್ಲಿ ನೋಡಿ. ನವೆಂಬರ್ 30 ಆದಮೇಲೆ ಡಿಸೆಂಬರ್ 1 ಬರಬೇಕು, ಅದು ತಿರುಗಿ ಜನವರಿ 12 ಆಗಿದೆ. ಹಾಗಾಗಿ -322. ಮುಂದಿನ ಸಾಲು ಫೆಬ್ರವರಿ 12, ವ್ಯತ್ಯಾಸ 31. ಆಮೇಲೆ 28, 31, 30, 31 ಅಂತ ತಿಂಗಳಿಂದ ತಿಂಗಳಿಗೆ ಹಾರುತ್ತಾ ಹೋಗಿ ಡಿಸೆಂಬರ್ 12ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮತ್ತೆ 1, 1, 1. ಹನ್ನೆರಡು ಸಾಲು ತಿಂಗಳ ಹಾರಾಟ, ಆಮೇಲೆ ಶಾಂತ. ಪ್ರತಿ ತಿಂಗಳಲ್ಲೂ ಇದೇ ಕಥೆ. ಒಮ್ಮೆ ಈ ಸಾಲನ್ನು ಕಣ್ಣಾರೆ ಕಂಡರೆ ಮತ್ತೆ ಎಲ್ಲಿ ಕಂಡರೂ ಗುರುತು ಸಿಗುತ್ತದೆ. ದಿನಕ್ಕೆ ಹತ್ತು ಬಿಲ್ ಇದ್ದರೂ ನಡೆಯುತ್ತದೆ, ಆಗ 0 ಅಥವಾ 1 ಬರಬೇಕಾದ ಕಡೆ ಈ ಹಾರಾಟ ಕಾಣುತ್ತದೆ.

ಕ್ರಮಸಂಖ್ಯೆ ಇಲ್ಲದ ಹಾಳೆಯನ್ನು ತಾರೀಕಿನ ಪ್ರಕಾರ ಸಾರ್ಟ್ ಮಾಡಿ ಸೇವ್ ಮಾಡಿಬಿಟ್ಟರೆ? ಆಗ ಆ 40 ಸಾಲಿಗೆ ಕಾಗದದ ಬಿಲ್ ಪುಸ್ತಕವನ್ನೇ ತೆರೆಯಬೇಕು. ಅದಕ್ಕೇ ನಾನು ಹೇಳುವುದು, ಸಾಫ್ಟ್‌ವೇರ್‌ನಿಂದ ಬಂದ ಹಾಳೆಗೆ ಸಾರ್ಟ್ ಮುಟ್ಟಿಸುವ ಮೊದಲು ಒಂದು ಕಾಲಮ್ಮು ಸೇರಿಸಿ 1, 2, 3 ಅಂತ ತುಂಬಿಕೊಳ್ಳಿ.

ಸರಿಮಾಡುವ ವಿಷಯಕ್ಕೆ ಬರೋಣ. ಮೂಲ ಸಿಎಸ್‌ವಿ ಕೈಯಲ್ಲಿದ್ದರೆ ಕೆಟ್ಟ ಹಾಳೆಯನ್ನು ರಿಪೇರಿ ಮಾಡಲು ಹೋಗಲೇಬೇಡಿ. ಖಾಲಿ ಹಾಳೆ ತೆರೆದು `Data` ಟ್ಯಾಬ್‌ನಲ್ಲಿ `From Text/CSV` ಒತ್ತಿ, `Transform Data`ಗೆ ಹೋಗಿ. ಬಲಗಡೆ `Changed Type` ಅನ್ನುವ ಹಂತ ಕಂಡರೆ ತೆಗೆದುಹಾಕಿ, ಅದು ಎಕ್ಸೆಲ್ ತಾನೇ ಊಹೆ ಮಾಡಿ ಹಾಕಿದ್ದು. ತಾರೀಕಿನ ಕಾಲಮ್ಮಿನ ಮೇಲೆ ರೈಟ್ ಕ್ಲಿಕ್ ಮಾಡಿ `Change Type`, ಅದರಲ್ಲಿ `Using Locale`. ಅಲ್ಲಿ `Date` ಮತ್ತು `English (India)` ಆರಿಸಿ. ಇನ್ನು ಕಂಪ್ಯೂಟರಿನ ರೀಜನ್ ಏನೇ ಇರಲಿ, ದಿನ ಮೊದಲು ಅಂತಲೇ ಓದುತ್ತದೆ.

ಸಿಎಸ್‌ವಿ ಇಲ್ಲ, ತೆರೆದ ಹಾಳೆ ಮಾತ್ರ ಇದೆ, ಅದನ್ನು ಯಾರೂ ಮುಟ್ಟಿಲ್ಲ. MAX 12, MIN 13 ಎರಡೂ ಬಂದಿವೆ. ಆಗ ಮಾತ್ರ ಈ ಸೂತ್ರ ಹಾಕಬಹುದು.

```
=IF(ISNUMBER(B2),
   DATE(YEAR(B2),DAY(B2),MONTH(B2)),
   DATE(RIGHT(B2,4),MID(B2,4,2),LEFT(B2,2)))
```

ಸಂಖ್ಯೆಯಾಗಿದ್ದರೆ ದಿನ, ತಿಂಗಳನ್ನು ಅದಲುಬದಲು ಮಾಡುತ್ತದೆ. ಅಕ್ಷರವಾಗಿದ್ದರೆ ತುಂಡು ಮಾಡಿ ಜೋಡಿಸುತ್ತದೆ. ಅಕ್ಷರಗಳೆಲ್ಲ `13/12/2023` ಥರ ಸರಿಯಾಗಿ ಹತ್ತು ಅಕ್ಷರ ಇರಬೇಕು, `LEN` ಹಾಕಿ ನೋಡಿಕೊಳ್ಳಿ. ಮುಗಿದ ಮೇಲೆ ಹೊಸ ಕಾಲಮ್ಮಿನ COUNT 305 ಬರಬೇಕು, ಸಾಲಿನಿಂದ ಸಾಲಿಗೆ ವ್ಯತ್ಯಾಸ ಎಲ್ಲ ಕಡೆ 1 ಇರಬೇಕು.

ಯಾರೋ ಅರ್ಧ ಸರಿಮಾಡಿದ ಹಾಳೆಗೆ ಇದನ್ನು ಹಾಕಿದರೆ ಅನಾಹುತ. DATE ಫಂಕ್ಷನ್ ತುಂಬ ಉದಾರಿ. 25ನೆಯ ತಿಂಗಳು ಅಂತ ಕೊಟ್ಟರೂ ಎರರ್ ಕೊಡುವುದಿಲ್ಲ. `DATE(2023,25,12)` ಅಂದರೆ 2023ರ ಶುರುವಿನಿಂದ 25 ತಿಂಗಳು ಎಣಿಸಿ 2025ರ ಜನವರಿ 12 ಅಂತ ಕೊಡುತ್ತದೆ. ಸರಿಯಾಗಿದ್ದ ಡಿಸೆಂಬರ್ 25 ಹೋಗಿ ಮುಂದಿನ ಯಾವುದೋ ವರ್ಷಕ್ಕೆ ಬೀಳುತ್ತದೆ. ಅಂಥ ಹಾಳೆಯಲ್ಲಿ F ಕಾಲಮ್ಮಿನ ಹಾರಾಟ ನೋಡಿ ಯಾವ ಸಾಲುಗಳು ತಿರುಗಿವೆಯೋ ಅವನ್ನಷ್ಟೇ ಗುರುತು ಮಾಡಿ, ಅವಕ್ಕೆ ಮಾತ್ರ ಅದಲುಬದಲು ಮಾಡಬೇಕು.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು, ಫಾರ್ಮ್ಯಾಟನ್ನು dd-mm-yyyy ಮಾಡಿದರೆ ಆಗುವುದಿಲ್ಲವಾ ಅಂತ. ಆಗುವುದಿಲ್ಲ. ಫಾರ್ಮ್ಯಾಟ್ ಬದಲಿಸಿದರೆ ತೋರಿಸುವ ರೀತಿ ಬದಲಾಗುತ್ತದೆ, ಒಳಗಿನ 45058 ಹಾಗೇ ಇರುತ್ತದೆ. ಅಕ್ಷರದ ಸಾಲಿಗಂತೂ ಯಾವ ಫಾರ್ಮ್ಯಾಟೂ ತಾಗುವುದಿಲ್ಲ. ಆದರೆ ಪರೀಕ್ಷೆಗೆ ಫಾರ್ಮ್ಯಾಟ್ ಒಳ್ಳೆಯದು. dd-mmm-yyyy ಹಾಕಿ ನೋಡಿ, ತಿಂಗಳ ಹೆಸರು ಬರುತ್ತದೆ. 12-May-2023 ಅಂತ ಕಂಡ ಕೂಡಲೇ ನಿಮಗೇ ಗೊತ್ತಾಗುತ್ತದೆ.

ಗೂಗಲ್ ಶೀಟ್ಸ್ ಬಳಸುವವರು ಕೇಳಿದರು. ಅಲ್ಲಿ ವಿಂಡೋಸ್ ಅಲ್ಲ, ಆ ಶೀಟಿನದ್ದೇ ಲೊಕೇಲ್ ನೋಡಬೇಕು. `File` ಮೆನುವಿನಲ್ಲಿ `Settings`, ಅಲ್ಲಿ `Locale`. `United States` ಇದ್ದರೆ `India` ಮಾಡಿ, ಸಿಎಸ್‌ವಿ ತರುವ ಮೊದಲೇ ಮಾಡಿ. ತಂದ ಮೇಲೆ ಬದಲಿಸಿದರೆ ಆಗಲೇ ಸಂಖ್ಯೆಯಾಗಿ ಹೋದವು ವಾಪಸ್ ಬರುವುದಿಲ್ಲ, ಮತ್ತೆ ಇಂಪೋರ್ಟ್ ಮಾಡಬೇಕು. ಇನ್ನು ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಎಕ್ಸ್‌ಪೋರ್ಟ್ ಸೆಟ್ಟಿಂಗಿನಲ್ಲಿ 2023-12-05 ಥರ ವರ್ಷ ಮೊದಲು ಬರೆಯುವ ಆಯ್ಕೆ ಇದೆಯಾ ಅಂತ ಒಮ್ಮೆ ನೋಡಿ. ಇದ್ದರೆ ಅದನ್ನೇ ಇಡಿ. ಹಾಗೆ ಬರೆದರೆ ಎರಡೂ ರೀಜನ್‌ನವರು ಡಿಸೆಂಬರ್ 5 ಅಂತಲೇ ಓದುತ್ತಾರೆ.